ಕ್ಯಾಲೆಂಡರ್‌ಗೆ ಗೊತ್ತಿರುವುದು ಒಂದೇ ವಿಷಯ

ಪ್ರಶ್ನೆ: ಸಣ್ಣಕಥೆ ಬರೀತಾ ಇದ್ದೀನಿ. 1950ರ ದಶಕದ ಮೈಸೂರು ಸೀಮೆಯ ಹಳ್ಳಿ. ಇಡೀ ಊರಿಗೆ ಪೋಸ್ಟ್ ಮಾಸ್ಟರ್ ಹತ್ರ ಮಾತ್ರ ಗೋಡೆ ಕ್ಯಾಲೆಂಡರ್ ಇದೆ. ಸಾಲದ ದುಡ್ಡು ಯಾವತ್ತು ಕೊಟ್ಟಿದ್ದು ಅಂತ ಇಬ್ಬರಿಗೆ ಜಗಳ. ಪೋಸ್ಟ್ ಮಾಸ್ಟರ್ ಕ್ಯಾಲೆಂಡರ್ ನೋಡಿ, ತಮ್ಮ ಆಫೀಸಿನ ಪುಸ್ತಕ ತೆಗೆದು ತೀರ್ಮಾನ ಹೇಳ್ತಾರೆ. ನನ್ನ ಗೆಳತಿ ಓದಿ, "ಯಾರು ಯಾವತ್ತು ದುಡ್ಡು ಕೊಟ್ರು ಅಂತ ಕ್ಯಾಲೆಂಡರ್‌ಗೆ ಹೇಗೆ ಗೊತ್ತಾಗುತ್ತೆ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ಕಥೆಯನ್ನ ನಂಬೋ ಹಾಗೆ ಮಾಡೋದು ಹೇಗೆ?

ಉತ್ತರ:

ನಿಮ್ಮ ಗೆಳತಿ ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದಾರೆ. ಕ್ಯಾಲೆಂಡರ್‌ಗೆ ಗೊತ್ತಿರುವುದು ಒಂದೇ ವಿಷಯ: ಯಾವ ತಾರೀಖು ಯಾವ ವಾರ ಬಿತ್ತು ಅನ್ನುವುದು. ಯಾರು ಬಂದರು, ಯಾರು ಹೋದರು, ಯಾರ ಕೈಯಿಂದ ದುಡ್ಡು ಯಾರ ಕೈಗೆ ಹೋಯಿತು, ಇದ್ಯಾವುದೂ ಅದರಲ್ಲಿ ಇಲ್ಲ. ಹಾಗಾಗಿ ಕ್ಯಾಲೆಂಡರ್ ಬಗೆಹರಿಸಬಹುದಾದ ಜಗಳ ಒಂದೇ ಬಗೆಯದು. ಕಾಗದದ ಮೇಲೆ ತಾರೀಖು ಇರಬೇಕು, ಅದರ ಪಕ್ಕದಲ್ಲೇ ವಾರವೂ ಇರಬೇಕು, ಎರಡೂ ಒಂದಕ್ಕೊಂದು ಹೊಂದಬಾರದು. ಹಾಗಿದ್ದರೆ ಮಾತ್ರ ಗೋಡೆಯ ಮೇಲಿನ ಹಾಳೆಗೆ ಮಾತಾಡುವ ಅವಕಾಶ ಸಿಗುತ್ತದೆ.

ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವನು. ಹಳ್ಳಿಗಳ ಬ್ರಾಂಚ್ ಆಫೀಸುಗಳ ತಪಾಸಣೆಗೆ ವರ್ಷಗಟ್ಟಲೆ ಓಡಾಡಿದ್ದೇನೆ. ಆ ಅನುಭವದ ಮೇಲೆ ನಿಮ್ಮ ಕಥೆಗೆ ಒಂದು ಜಗಳವನ್ನು ಪೂರ್ತಿ ಕಟ್ಟಿ ತೋರಿಸುತ್ತೇನೆ. ಹೆಸರು, ಊರು ನಿಮಗೆ ಬೇಕಾದಂತೆ ಬದಲಾಯಿಸಿಕೊಳ್ಳಿ. ವರ್ಷ ಮತ್ತು ತಾರೀಖನ್ನು ಮಾತ್ರ ಮುಟ್ಟಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕೆಂಚಯ್ಯ ಅಂತ ಒಬ್ಬ ರೈತ. ರುದ್ರಪ್ಪ ಅಂತ ಸಾಹುಕಾರ. ಕೆಂಚಯ್ಯ 80 ರೂಪಾಯಿ ಸಾಲ ತಗೊಂಡು ಪ್ರೋನೋಟು ಬರೆದುಕೊಟ್ಟಿದ್ದಾನೆ. ನೋಟಿನ ತಾರೀಖು 16-2-1953. ಕೇಳಿದಾಗ ಕೊಡುತ್ತೇನೆ ಅನ್ನುವ ಇಂಥ ನೋಟಿಗೆ ಕೋರ್ಟಿನಲ್ಲಿ ಆಯಸ್ಸು ಮೂರು ವರ್ಷ. ಬರೆದ ದಿನವನ್ನು ಬಿಟ್ಟು ಎಣಿಸಿದರೆ 16-2-1956ಕ್ಕೆ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ದಾವೆ ಹಾಕದಿದ್ದರೆ ಸಾಹುಕಾರನಿಗೆ ಆ ಕಾಗದದ ಮೇಲೆ ಕೋರ್ಟಿನಲ್ಲಿ ವಸೂಲಿ ಆಗುವುದಿಲ್ಲ.

ಆದರೆ ಇದಕ್ಕೊಂದು ದಾರಿ ಇತ್ತು. ಅವಧಿ ಮುಗಿಯುವ ಮುಂಚೆ ಸಾಲಗಾರ ಐದು ರೂಪಾಯಿ ಕೊಟ್ಟರೂ ಸಾಕು. ನೋಟಿನ ಹಿಂದೆ "ಈ ದಿನ ರೂ. 5 ಸಂದಾಯ" ಅಂತ ಷರಾ ಬರೆದು, ಅದಕ್ಕೆ ಸಾಲಗಾರನ ಸಹಿಯೋ ಹೆಬ್ಬೆಟ್ಟೋ ಹಾಕಿಸಿದರೆ, ಆ ದಿನದಿಂದ ಮತ್ತೆ ಮೂರು ವರ್ಷ ಆಯಸ್ಸು ಸಿಗುತ್ತಿತ್ತು. 1908ರ ಕಾಲಮಿತಿ ಕಾಯ್ದೆಯಲ್ಲೇ ಹೀಗಿತ್ತು. ಹಳ್ಳಿಯ ಸಾಲದ ವ್ಯವಹಾರದಲ್ಲಿ ಪ್ರೋನೋಟಿನ ಮುಂಭಾಗಕ್ಕಿಂತ ಹಿಂಭಾಗದ್ದೇ ಜಗಳ ಜಾಸ್ತಿ. ಐದೇ ರೂಪಾಯಿ, ಆದರೆ ಅದನ್ನು ಯಾವ ದಿನ ಕೊಟ್ಟ ಅನ್ನುವುದರ ಮೇಲೆ ಉಳಿದ ಅಷ್ಟೂ ದುಡ್ಡು ನಿಂತಿರುತ್ತಿತ್ತು. ನಿಮ್ಮ ಕಥೆಗೆ ಬೇಕಾಗಿದ್ದೂ ಇದೇ. ತಾರೀಖು ಒಂದು ತಿಂಗಳು ಆಚೀಚೆ ಆದರೆ ಒಬ್ಬನ ಕೈಯಿಂದ ದುಡ್ಡು ಜಾರಿ ಹೋಗಬೇಕು. ಇಲ್ಲದಿದ್ದರೆ ಸುಮ್ನೆ ತಾರೀಖಿಗಾಗಿ ಯಾರೂ ಪೋಸ್ಟ್ ಆಫೀಸಿನವರೆಗೂ ನಡೆದುಕೊಂಡು ಬರುವುದಿಲ್ಲ.

ಈಗ ಷರಾ ನೋಡಿ. ರುದ್ರಪ್ಪನ ಗುಮಾಸ್ತ ನೋಟಿನ ಹಿಂದೆ ಬರೆದಿರುವುದು ಇದು: "13-2-1956 ಮಂಗಳವಾರ, ಸಂತೆಯಲ್ಲಿ ರೂ. 5 ಸಂದಾಯ." ಕೆಳಗೆ ಕೆಂಚಯ್ಯನ ಹೆಬ್ಬೆಟ್ಟು. ಅವಧಿ ಮುಗಿಯಲು ಮೂರು ದಿನ ಇರುವಾಗ. ಅಂದರೆ ನೋಟು 1959ರ ಫೆಬ್ರವರಿವರೆಗೂ ಬದುಕಿದೆ. ಕೆಂಚಯ್ಯ ದುಡ್ಡು ಕೊಟ್ಟಿಲ್ಲ ಅನ್ನುವುದಿಲ್ಲ. ಹೆಬ್ಬೆಟ್ಟು ನನ್ನದಲ್ಲ ಅಂತಲೂ ಅನ್ನುವುದಿಲ್ಲ. ಅವನು ಹೇಳುವುದು ಒಂದೇ ಮಾತು: "ನಾನು ಕೊಟ್ಟಿದ್ದು ಶಿವರಾತ್ರಿ ಆದ ಮೇಲಿನ ಸಂತೇಲಿ."

ಓದು ಬಾರದ ರೈತನಿಗೆ ತಾರೀಖು ನೆನಪಿರುವುದು ಹೀಗೇ. ಹಬ್ಬದಿಂದ ಇಷ್ಟು ದಿನ, ಸಂತೆಯಿಂದ ಇಷ್ಟು ದಿನ. ಆರಿದ್ರೆ ಮಳೆ, ಸ್ವಾತಿ ಮಳೆ, ಹೊಲ ಕುಯ್ದ ಮಾರನೇ ದಿನ. ನಿಮ್ಮ ಕರಡಿನಲ್ಲಿ ಕೆಂಚಯ್ಯನಂಥವನ ಬಾಯಲ್ಲಿ "ಮಾರ್ಚ್" ಅನ್ನುವ ಪದ ಬಂದಿದ್ದರೆ ತೆಗೆದುಬಿಡಿ. ಅವನ ಲೆಕ್ಕ ಒಂದು ಕಡೆ, ಗುಮಾಸ್ತನ ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸುವ ವಸ್ತು ಆ ಊರಿನಲ್ಲಿ ಒಂದೇ ಇದೆ, ಅದು ಪೋಸ್ಟ್ ಮೇಷ್ಟ್ರ ಗೋಡೆಯ ಮೇಲಿದೆ.

ಆ ಹಾಳೆಯಲ್ಲಿ ಏನು ಕಾಣುತ್ತದೆ? 1956ರ ಫೆಬ್ರವರಿ 13 ಸೋಮವಾರ. ಮಂಗಳವಾರ ಬಂದದ್ದು 14ಕ್ಕೆ. ಮಾರ್ಚ್ ಹಾಳೆ ತೆಗೆದರೆ 13 ಸರಿಯಾಗಿ ಮಂಗಳವಾರ. ಅಂದರೆ ಷರಾದಲ್ಲಿ ವಾರ ಸರಿ ಇದೆ, ಸಂತೆ ಸರಿ ಇದೆ, ದಿನದ ಅಂಕಿಯೂ ಸರಿ ಇದೆ. ತಿಂಗಳಿನ ಜಾಗದಲ್ಲಿ ಮಾತ್ರ 3 ಇರಬೇಕಾದ ಕಡೆ 2 ಇದೆ. ಬೇಕು ಅಂತಲೇ ಬರೆದದ್ದೋ, ಕೈತಪ್ಪೋ, ಅದನ್ನು ಕ್ಯಾಲೆಂಡರ್ ಹೇಳುವುದಿಲ್ಲ. ಕಾಗದ ತನಗೆ ತಾನೇ ವಿರುದ್ಧ ಮಾತಾಡುತ್ತಿದೆ ಅಂತ ಮಾತ್ರ ಹೇಳುತ್ತದೆ.

ವರ್ಷ ಬದಲಾಯಿಸಬೇಡಿ ಅಂದದ್ದು ಇದಕ್ಕೇ. 1956 ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಹಾಗಾಗಿ ಫೆಬ್ರವರಿ 13ಕ್ಕೂ ಮಾರ್ಚ್ 13ಕ್ಕೂ ನಡುವೆ 29 ದಿನ, ಅಂದರೆ ನಾಲ್ಕು ವಾರದ ಮೇಲೆ ಒಂದು ದಿನ. ವಾರ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1955ರಲ್ಲಿ ಇದೇ ಜಗಳ ನಡೆದಿದ್ದರೆ ಕ್ಯಾಲೆಂಡರ್ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಮಾಮೂಲಿ ವರ್ಷದಲ್ಲಿ ಫೆಬ್ರವರಿಗೆ ಸರಿಯಾಗಿ ನಾಲ್ಕು ವಾರ. ಫೆಬ್ರವರಿ 13 ಯಾವ ವಾರವೋ ಮಾರ್ಚ್ 13ಕ್ಕೂ ಅದೇ ವಾರ. 1955ರಲ್ಲಿ ಎರಡೂ ಭಾನುವಾರ. ತಿಂಗಳು ಅದಲುಬದಲಾದರೂ ವಾರದಿಂದ ಪತ್ತೆ ಮಾಡುವ ದಾರಿಯೇ ಇರುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ಒಂದು ದಿನ ನಿಮ್ಮ ಕಥೆಯ ಕೀಲಿ. ಅದನ್ನು ಎಲ್ಲಿಯೂ ಜೋರಾಗಿ ಹೇಳಬೇಡಿ. ಮೇಷ್ಟ್ರು ಫೆಬ್ರವರಿ ಹಾಳೆ ತಿರುಗಿಸಿದಾಗ ಕೊನೆಯಲ್ಲಿ ಒಂಟಿಯಾಗಿ 29 ಕಾಣಲಿ, ಅಷ್ಟು ಸಾಕು.

ಇದನ್ನು ನೀವೂ ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು, ನಿಮ್ಮ ಮೇಷ್ಟ್ರೂ ಹಾಕಬಹುದು. ನಮ್ಮ ಗಣರಾಜ್ಯ ಶುರುವಾದ 26 ಜನವರಿ 1950 ಗುರುವಾರ. ಅದೇ ತಾರೀಖಿನ ವಾರ ಪ್ರತಿ ವರ್ಷ ಒಂದು ದಿನ ಮುಂದೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. 1951ಕ್ಕೆ ಶುಕ್ರ, 1952ಕ್ಕೆ ಶನಿ. 1952 ಅಧಿಕ ವರ್ಷ, ಹಾಗಾಗಿ 1953ಕ್ಕೆ ಭಾನುವಾರ ದಾಟಿ ಸೋಮ. ಆಮೇಲೆ ಮಂಗಳ, ಬುಧ, 1956ಕ್ಕೆ ಮತ್ತೆ ಗುರುವಾರ. ಅಲ್ಲಿಂದ ಫೆಬ್ರವರಿ 13ಕ್ಕೆ 18 ದಿನ. ಎರಡು ವಾರ ಕಳೆದು ನಾಲ್ಕು ದಿನ ಮುಂದೆ ಹೋದರೆ ಸೋಮವಾರ. ಬೆರಳು ಮಡಚಿ ಎಣಿಸುವ ಇಂಥ ಲೆಕ್ಕ ಹಳೇ ಮೇಷ್ಟ್ರುಗಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕಥೆಯಲ್ಲಿ ಅವರು ಎಣಿಸಿ ಹೇಳಿದರೆ ಸಾಲದು. ಎಣಿಸಿದ್ದನ್ನು ಸಾಹುಕಾರ ಅಲ್ಲಗಳೆಯಬಹುದು. ಅಚ್ಚಾದ ಹಾಳೆಯನ್ನು ಅಲ್ಲಗಳೆಯುವುದು ಕಷ್ಟ.

ಇನ್ನು ಸಾಹುಕಾರನಿಗೂ ಒಂದು ಗಟ್ಟಿ ವಾದ ಕೊಡಿ, ಇಲ್ಲದಿದ್ದರೆ ಜಗಳ ಸಪ್ಪೆಯಾಗುತ್ತದೆ. ಅವನು ಹೇಳಬಹುದು: "ಶಿವರಾತ್ರಿ ಫೆಬ್ರವರಿಲೇ ಅಲ್ವಾ ಬರೋದು? ಹೋದ ಸಲ ಫೆಬ್ರವರಿಲೇ ಬಂದಿತ್ತು." ಮಾತು ಸುಳ್ಳಲ್ಲ. 1955ರ ಶಿವರಾತ್ರಿ ಫೆಬ್ರವರಿಯಲ್ಲೇ ಬಂದಿತ್ತು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಹಾಗಾಗಿ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತಾ ಬರುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ಜಿಗಿಯುತ್ತವೆ. ಈಚಿನ ಉದಾಹರಣೆ ಬೇಕಾದರೆ ನಮ್ಮ ಯುಗಾದಿ ನೋಡಿ. 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22, ನಡುವೆ ಅಧಿಕ ಶ್ರಾವಣ ಬಂದು 2024ರಲ್ಲಿ ಏಪ್ರಿಲ್ 9. 1955ರ ಯುಗಾದಿಗೆ ಶುರುವಾದ ಮನ್ಮಥ ಸಂವತ್ಸರದಲ್ಲೂ ಒಂದು ಅಧಿಕ ಮಾಸ ಇತ್ತು. ಹಾಗಾಗಿ 1956ರ ಶಿವರಾತ್ರಿ ಮಾರ್ಚ್‌ಗೆ ಹೋಯಿತು. ಮಾರ್ಚ್ 13ರ ಮಂಗಳವಾರಕ್ಕೆ ಎರಡು ಮೂರು ದಿನ ಮುಂಚೆ ಬಂತು. ಕೆಂಚಯ್ಯ ಹೇಳಿದ "ಶಿವರಾತ್ರಿ ಆದ ಮೇಲಿನ ಸಂತೆ" ಅಂದರೆ ಅದೇ ದಿನ.

ಇಲ್ಲಿ ಜೋಯಿಸರನ್ನು ಮರೆಯಬೇಡಿ. ನಿಮ್ಮ ಕರಡಿನಲ್ಲಿ ಊರಿಗೇ ತಾರೀಖು ಗೊತ್ತಿಲ್ಲ ಅನ್ನುವ ಹಾಗಿದ್ದರೆ ಅದು ನಿಜವಾಗುವುದಿಲ್ಲ. ಗೋಡೆ ಕ್ಯಾಲೆಂಡರ್ ಇಲ್ಲದ ಊರಲ್ಲೂ ಪಂಚಾಂಗ ಇರುತ್ತಿತ್ತು. ಶಾನುಭೋಗರ ಲೆಕ್ಕದ ಕಡತದಲ್ಲಿ ಇಂಗ್ಲಿಷ್ ತಾರೀಖು ಇರುತ್ತಿತ್ತು. ವ್ಯತ್ಯಾಸ ಏನೆಂದರೆ, ಪಂಚಾಂಗ ಜೋಯಿಸರ ಕೈಯಲ್ಲಿ ಮಡಚಿದ ಪುಸ್ತಕ, ಓದಿ ಹೇಳುವವರು ಅವರೇ. ಕಡತ ಶಾನುಭೋಗರ ಪೆಟ್ಟಿಗೆಯಲ್ಲಿ. ಗೋಡೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ನೇತಾಡುವುದು ಕ್ಯಾಲೆಂಡರ್ ಮಾತ್ರ. ಅಕ್ಷರ ಬಾರದವನೂ ಅಂಕಿ ಗುರುತಿಸುತ್ತಾನೆ, ಬಣ್ಣದಲ್ಲಿರುವ ಭಾನುವಾರದಿಂದ ಎಣಿಸಿಕೊಂಡು ವಾರ ಹಿಡಿಯುತ್ತಾನೆ. ಹಾಗಾಗಿ ಶಿವರಾತ್ರಿ ಯಾವಾಗ ಬಂತು ಅನ್ನುವುದನ್ನು ಜೋಯಿಸರ ಬಾಯಿಂದ ಹೇಳಿಸಿ, ವಾರ ಯಾವುದು ಅನ್ನುವುದನ್ನು ಗೋಡೆಯಿಂದ ತೋರಿಸಿ.

ಕ್ಯಾಲೆಂಡರ್ ಎಂಥದ್ದು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ದಿನಕ್ಕೊಂದು ಹಾಳೆ ಹರಿದುಹಾಕುವ ಬಗೆಯದಾದರೆ ನಿಮ್ಮ ಸಾಕ್ಷಿ ಎಂದೋ ಒಲೆ ಸೇರಿರುತ್ತದೆ. ತಿಂಗಳಿಗೊಂದು ಹಾಳೆ ಇರುವಂಥದ್ದು, ಮೇಲೆ ತಗಡಿನ ಪಟ್ಟಿ, ಮುಗಿದ ತಿಂಗಳನ್ನು ಹರಿಯದೆ ಹಿಂದಕ್ಕೆ ಮಡಚುವಂಥದ್ದು ಬೇಕು. ಮೈಸೂರು ಸೀಮೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಆಫೀಸುಗಳಲ್ಲೂ ಮನೆಗಳಲ್ಲೂ ಮಾಮೂಲಿ, ಅದೇ ಇರಲಿ. ಹಾಗೇ ಜಗಳವನ್ನು 1956ರ ಡಿಸೆಂಬರ್ ದಾಟಿಸಬೇಡಿ. ಜನವರಿಗೆ ಹೊಸ ಕ್ಯಾಲೆಂಡರ್ ಬರುತ್ತದೆ, ಹಳೆಯದರ ಹಾಳೆಗಳು ಮಕ್ಕಳ ಪುಸ್ತಕಕ್ಕೆ ರಟ್ಟಾಗಿ ಹೋಗುತ್ತವೆ. ಡಿಸೆಂಬರ್ ನಿಮಗೆ ಇನ್ನೊಂದು ಕಾರಣಕ್ಕೂ ಒಳ್ಳೆಯದು. ರಾಗಿ ಕೊಯ್ಲು ಮುಗಿದು ಕಣದಲ್ಲಿ ರಾಶಿ ಬಿದ್ದಿರುವ ಹೊತ್ತು. ಸಾಹುಕಾರ ನೋಟು ಹಿಡಿದು ಬರುವುದೇ ಆಗ.

ಈಗ ನಿಮ್ಮ ಕರಡಿನ ದೊಡ್ಡ ತೊಂದರೆಗೆ ಬರುತ್ತೇನೆ. ಪೋಸ್ಟ್ ಮೇಷ್ಟ್ರು ಆಫೀಸಿನ ಪುಸ್ತಕ ತೆಗೆದು ಎಲ್ಲರ ಮುಂದೆ ಓದುವಂತಿಲ್ಲ. ಯಾರಿಗೆ ಮನಿಯಾರ್ಡರ್ ಬಂತು, ಎಷ್ಟು ಬಂತು, ಯಾರು ಯಾರಿಗೆ ಕಾಗದ ಬರೆದರು ಅನ್ನುವುದನ್ನು ಮೂರನೆಯವರಿಗೆ ಹೇಳುವುದು ಅಂಚೆಯ ನಿಯಮಕ್ಕೆ ವಿರುದ್ಧ. ಕೋರ್ಟು ಕೇಳಿದರೆ ಬೇರೆ ಮಾತು. ಇದು ಬರೀ ಕಾಗದದ ಮೇಲಿನ ನಿಯಮ ಅಂದುಕೊಳ್ಳಬೇಡಿ. ಹಳ್ಳಿಯ ಬ್ರಾಂಚ್ ಪೋಸ್ಟ್ ಮಾಸ್ಟರ್ ಅಂದರೆ ಪೂರ್ತಿ ಸರ್ಕಾರಿ ನೌಕರರಲ್ಲ. ಸ್ಕೂಲ್ ಮೇಷ್ಟ್ರೋ ಅಂಗಡಿಯವರೋ ದಿನಕ್ಕೆ ಕೆಲವು ಗಂಟೆ ಮಾಡುವ ಕೆಲಸ. ಆಫೀಸು ಅಂದರೆ ಅವರ ಮನೆಯ ಜಗಲಿ ಅಥವಾ ಮುಂದಿನ ಕೋಣೆ. ಅದೇ ಊರಿನಲ್ಲಿ ಬದುಕಬೇಕು, ಅದೇ ಬಾವಿಯ ನೀರು ಸೇದಬೇಕು. ಅವರ ಬಾಯಿ ಒಂದು ಸಲ ಸಡಿಲವಾಯಿತು ಅಂದರೆ ಯಾರೂ ಅವರ ಕೈಲಿ ಕಾಗದ ಓದಿಸುವುದಿಲ್ಲ.

ಅವರು ಕಾಗದ ಓದಿ ಹೇಳುತ್ತಿದ್ದರು ಅನ್ನುವುದರಲ್ಲೇ ನಿಮ್ಮ ಕಥೆಯ ಜೀವ ಇದೆ ಅಂತ ನನ್ನ ನಂಬಿಕೆ. ಕೆಂಚಯ್ಯನ ಮಗ ಬೆಂಗಳೂರಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ ಅಂತಿಟ್ಟುಕೊಳ್ಳಿ. ಮಾರ್ಚ್ ತಿಂಗಳ ಬಟವಾಡೆ ಆದ ಮೇಲೆ 9ನೇ ತಾರೀಖು ಅಪ್ಪನಿಗೆ ಒಂದು ಕಾರ್ಡು ಹಾಕಿದ್ದಾನೆ: "ಹತ್ತು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಐದು ಸಾವ್ಕಾರ್ರಿಗೆ ಕೊಡು, ಐದು ಮನೆಗೆ ಇಟ್ಕೋ." ಕಾರ್ಡು ಬಂದ ದಿನ ಅದನ್ನು ಓದಿ ಹೇಳಿದವರು ಯಾರು? ಮೇಷ್ಟ್ರೇ. ಮನಿಯಾರ್ಡರ್ ಬಂದಾಗ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಎಣಿಸಿ ಕೊಟ್ಟವರೂ ಅವರೇ. ಡಿಸೆಂಬರ್‌ನಲ್ಲಿ ಇಬ್ಬರೂ ಜಗಳ ಹೊತ್ತುಕೊಂಡು ಜಗಲಿಗೆ ಬಂದಾಗ ಮೇಷ್ಟ್ರಿಗೆ ಆ ಕಾರ್ಡಿನ ಸಾಲುಗಳೆಲ್ಲಾ ನೆನಪಿವೆ. ಐದು ರೂಪಾಯಿ ಯಾವ ತಿಂಗಳಿನದು ಅಂತ ಗೊತ್ತು. ಆದರೆ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಬಹುದಾದದ್ದನ್ನು ಮಾತ್ರ ಹೇಳಬೇಕು. ಗೋಡೆಯ ಮೇಲೆ ಇರುವುದನ್ನು ಹೇಳಬಹುದು. ಅದು ಎಲ್ಲರದೂ.

ಆ ಕಾರ್ಡು ಕೆಂಚಯ್ಯನ ಮನೆಯಲ್ಲೇ ಇದೆ. ಆಗ ಎಲ್ಲರ ಮನೆಯಲ್ಲೂ ಒಂದು ತಂತಿ ಇರುತ್ತಿತ್ತು, ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಬಂದ ಕಾರ್ಡುಗಳನ್ನೆಲ್ಲಾ ಅದಕ್ಕೆ ಚುಚ್ಚಿ ತೂಗುಹಾಕುತ್ತಿದ್ದರು. ಓದು ಬಾರದವರ ಮನೆಯಲ್ಲೂ ಇತ್ತು. ಕಾಗದವನ್ನು ಯಾರೂ ಎಸೆಯುತ್ತಿರಲಿಲ್ಲ. ಕೆಂಚಯ್ಯನಿಗೆ ಆ ಕಾರ್ಡು ಸಾಕ್ಷಿ ಆಗುತ್ತದೆ ಅಂತ ಹೊಳೆಯಬೇಕು. ಮೇಷ್ಟ್ರು ಹೇಳಿಕೊಡಬಾರದು. ಹೇಳಿಕೊಟ್ಟರೆ ಒಬ್ಬನ ಕಡೆ ವಾಲಿದಂತಾಗುತ್ತದೆ. ಹೆಚ್ಚೆಂದರೆ ಫೆಬ್ರವರಿ ಹಾಳೆ ತೋರಿಸಿದ ಮೇಲೆ ಮೇಷ್ಟ್ರು ಅವನನ್ನೊಮ್ಮೆ ನೋಡಿ, ಮೊಹರಿನ ಕೆಲಸಕ್ಕೆ ತಿರುಗಬಹುದು. ಕಾರ್ಡು ಕೆಂಚಯ್ಯನ ಸ್ವಂತ ಆಸ್ತಿ, ಅವನು ಯಾರಿಗೆ ಬೇಕಾದರೂ ತೋರಿಸಬಹುದು.

ಮೊಹರಿನ ವಿಷಯ ಬಂದದ್ದರಿಂದ ಅದನ್ನೂ ಹತ್ತಿರದಿಂದ ತೋರಿಸುತ್ತೇನೆ. ತಾರೀಖಿನ ಮೊಹರು ದುಂಡಗಿರುತ್ತದೆ. ಸುತ್ತ ಊರಿನ ಹೆಸರು. ನಡುವೆ ದಿನ, ತಿಂಗಳು, ವರ್ಷದ ಚಿಕ್ಕ ಚಿಕ್ಕ ಅಚ್ಚುಗಳು. ಬೆಳಿಗ್ಗೆ ಆಫೀಸು ತೆಗೆದ ಕೂಡಲೇ ನಿನ್ನೆಯ ಅಂಕಿ ಕಿತ್ತು ಇವತ್ತಿನದು ಕೂರಿಸಬೇಕು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಅಂಕಿಗಳು, ಬೆರಳಿಗೆ ಮಸಿ ಹತ್ತದೆ ಕೆಲಸ ಆಗುವುದಿಲ್ಲ. ಈ ಅಂಕಿ ಕೂರಿಸುವಾಗ ಮೇಷ್ಟ್ರು ತಲೆ ಎತ್ತಿ ನೋಡುತ್ತಿದ್ದದ್ದು ಗೋಡೆಯ ಕ್ಯಾಲೆಂಡರನ್ನೇ. ಅವರ ಮನೆಯಲ್ಲಿ ಕ್ಯಾಲೆಂಡರ್ ಯಾಕಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಅದು ಅವರ ಕೆಲಸದ ಸಾಮಾನು.

ಆದರೆ ಮೊಹರನ್ನೂ ಕಣ್ಣು ಮುಚ್ಚಿ ನಂಬಬಾರದು. ನಾನು ತಪಾಸಣೆಗೆ ಹೋದ ಒಂದು ಊರಿನಲ್ಲಿ ಎರಡು ದಿನದಿಂದ ಅಂಕಿ ಬದಲಾಯಿಸಿರಲಿಲ್ಲ. ಬಂದ ಕಾಗದಗಳ ಮೇಲೆಲ್ಲಾ ಹಳೇ ತಾರೀಖು ಬಿದ್ದಿತ್ತು. ಗೊತ್ತಾದದ್ದು ಹೇಗೆ ಅಂದರೆ, ಒಂದು ಕಾರ್ಡಿನ ಮೇಲೆ ಕಳಿಸಿದ ಊರಿನ ಮೊಹರು ತಲುಪಿದ ಊರಿನ ಮೊಹರಿಗಿಂತ ಒಂದು ದಿನ ಮುಂದಿನದಾಗಿತ್ತು. ಕಳಿಸುವ ಮುಂಚೆಯೇ ತಲುಪಿದ ಕಾಗದ! ಅಲ್ಲಿಂದ ಯಾವ ಕಾರ್ಡು ಕೈಗೆ ಬಂದರೂ ಎರಡೂ ಮೊಹರು ಜೊತೆಗಿಟ್ಟು ನೋಡುವುದು ನನಗೆ ಅಭ್ಯಾಸವಾಯಿತು. ನಿಮ್ಮ ಕಥೆಯಲ್ಲೂ ಕೆಂಚಯ್ಯನ ಕಾರ್ಡಿನಲ್ಲಿ ಮುಖ್ಯವಾದದ್ದು ಬೆಂಗಳೂರಿನ ಮೊಹರು, ಊರಿನದಲ್ಲ. ಊರಿನ ಮೊಹರು ಮೇಷ್ಟ್ರ ಕೈಯದು, ಸಾಹುಕಾರ ಅನುಮಾನ ಪಡಬಹುದು. ಬೆಂಗಳೂರಿನಲ್ಲಿ ಮಾರ್ಚ್ 9ಕ್ಕೆ ಬಿದ್ದ ಮೊಹರಿನ ಮೇಲೆ ಇಲ್ಲಿ ಯಾರಿಗೂ ಹಿಡಿತ ಇಲ್ಲ.

ಕಾರ್ಡು ಏನು ಸಾಬೀತು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ನಿಮಗೆ ಸ್ಪಷ್ಟ ಇರಲಿ. ಮಾರ್ಚ್‌ನಲ್ಲಿ ಸಾಹುಕಾರನಿಗಾಗಿ ಐದು ರೂಪಾಯಿ ಬಂತು ಅಂತ ತೋರಿಸುತ್ತದೆ. ಫೆಬ್ರವರಿಯಲ್ಲಿ ಕೆಂಚಯ್ಯ ಬೇರೆ ಐದು ರೂಪಾಯಿ ಕೊಟ್ಟಿಲ್ಲ ಅಂತ ತೋರಿಸುವುದಿಲ್ಲ. ಆದರೆ ನೋಟಿನ ಹಿಂದೆ ಇರುವುದು ಒಂದೇ ಷರಾ. ಎರಡು ಸಲ ದುಡ್ಡು ಬಂದಿದ್ದರೆ ಎರಡನೆಯದು ಎಲ್ಲಿ ಅಂತ ರುದ್ರಪ್ಪನೇ ಹೇಳಬೇಕಾಗುತ್ತದೆ. ಕ್ಯಾಲೆಂಡರ್, ಜೋಯಿಸರ ಪಂಚಾಂಗ, ಕಾರ್ಡು, ಮೂರೂ ಒಂದೇ ಮಂಗಳವಾರದ ಕಡೆ ಬೆರಳು ತೋರಿಸುತ್ತವೆ. ಯಾವುದೂ ಒಂ‌ಟಿಯಾಗಿ ಸಾಕಾಗುವುದಿಲ್ಲ.

ರುದ್ರಪ್ಪನನ್ನು ಮೋಸಗಾರ ಮಾಡಬೇಡಿ ಅಂತ ನನ್ನ ವಿನಂತಿ. ಗುಮಾಸ್ತ ಸಂತೆಯ ಗದ್ದಲದಲ್ಲಿ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ತಿಂಗಳಿನ ಅಂಕಿ ತಪ್ಪು ಬರೆದಿರಬಹುದು. ರುದ್ರಪ್ಪ ಒಂಬತ್ತು ತಿಂಗಳು ಆ ಅಂಕಿಯನ್ನೇ ನಂಬಿಕೊಂಡಿರಬಹುದು. ಮೋಸ ಮಾಡುವವನು ವಾರದ ಹೆಸರು ಬರೆದು ಸಿಕ್ಕಿಬೀಳುತ್ತಿರಲಿಲ್ಲ, ಅಲ್ವಾ? ಈ ಮಾತನ್ನು ಮೇಷ್ಟ್ರ ಬಾಯಲ್ಲೇ ಹೇಳಿಸಿದರೆ ಸಾಹುಕಾರನಿಗೆ ತಲೆ ಎತ್ತಿಕೊಂಡು ಹಿಂದೆ ಸರಿಯಲು ಜಾಗ ಸಿಗುತ್ತದೆ. ದೃಶ್ಯ ಹೀಗಿರಬಹುದು:

ಮೇಷ್ಟ್ರು ಮೊಳೆಯಿಂದ ಕ್ಯಾಲೆಂಡರ್ ಇಳಿಸಿದರು. ಡಿಸೆಂಬರಿನಿಂದ ಹಿಂದಕ್ಕೆ ಒಂದೊಂದೇ ಹಾಳೆ ತಿರುಗಿಸಿ ಫೆಬ್ರವರಿಗೆ ನಿಲ್ಲಿಸಿ ಸಾಹುಕಾರನ ತೊಡೆಯ ಮೇಲಿಟ್ಟರು.

"ಹದಿಮೂರು ಎಲ್ಲಿದೆ ನೀವೇ ನೋಡಿ ಹೇಳಿ."

ರುದ್ರಪ್ಪ ಕನ್ನಡಕ ಏರಿಸಿಕೊಂಡ. ಬೆರಳು ಹಾಳೆಯ ಮೇಲೆ ಓಡಿ ನಿಂತಿತು. ಮತ್ತೆ ಮೊದಲಿಂದ ಎಣಿಸಿದ.

"ಸೋಮವಾರ."

"ಸಂತೆ?"

"ಮಂಗಳವಾರ."

"ಇನ್ನೊಂದು ಹಾಳೆ ತಿರುಗಿಸಿ."

ತಗಡಿನ ಪಟ್ಟಿ ಕಿರ್ ಅಂದಿತು. ಸಾಹುಕಾರ ಬಹಳ ಹೊತ್ತು ಮಾರ್ಚ್ ಹಾಳೆಯನ್ನೇ ನೋಡುತ್ತಾ ಕೂತ. "ನಾನು ಅವನ ಹತ್ರ ಹೆಚ್ಚಿಗೆ ಒಂದು ಕಾಸೂ ಕೇಳಿಲ್ಲ ಮೇಷ್ಟ್ರೇ" ಅಂದ.

"ಕೇಳಿದ್ರಿ ಅಂತ ನಾನೂ ಅಂದಿಲ್ಲ" ಅಂದರು ಮೇಷ್ಟ್ರು.

ಇಷ್ಟೇ. ತೀರ್ಪು ಅನ್ನುವ ಪದ ಎಲ್ಲೂ ಬರಲಿಲ್ಲ ನೋಡಿ. ಪೋಸ್ಟ್ ಮೇಷ್ಟ್ರಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ. ಅವರು ಓದಿ ಹೇಳುವುದೂ ಇಲ್ಲಿ ಬೇಡ, ಸಾಹುಕಾರನೇ ಓದಲಿ. ಕೆಂಚಯ್ಯ ಕಾರ್ಡು ತರುವುದು ಇದಕ್ಕಿಂತ ಮುಂಚೆಯೋ ಆಮೇಲೆಯೋ ನೀವೇ ನೋಡಿ. ನನಗೆ ಆಮೇಲೆಯೇ ಸರಿ ಅನ್ನಿಸುತ್ತದೆ. ಅವನು ಓಡಿಹೋಗಿ ತಂತಿ ಸಮೇತ ಎಲ್ಲಾ ಕಾರ್ಡುಗಳನ್ನು ಹಿಡಿದುಕೊಂಡು ಬರುವ ಹೊತ್ತಿಗೆ ಜಗಲಿಯ ಮೇಲೆ ಜಗಳ ಮುಗಿದುಹೋಗಿರುತ್ತದೆ. ಯಾವ ಕಾರ್ಡು ಅಂತ ಅವನಿಗೆ ಓದಲು ಬಾರದು, ಅದಕ್ಕೇ ಎಲ್ಲವನ್ನೂ ತಂದಿದ್ದಾನೆ.

ಮುಂದೆ ಸಾಲ ಏನಾಯಿತು ಅಂತ ಓದುಗರು ಕೇಳಿಯೇ ಕೇಳುತ್ತಾರೆ. ಕಾನೂನಿನ ಪ್ರಕಾರ ಅವಧಿ ಮೀರಿದರೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ, ಸಾಲ ಸಾಯುವುದಿಲ್ಲ. ಸಾಲಗಾರ ತಾನಾಗಿ ಒಪ್ಪಿ ಹೊಸದಾಗಿ ಬರೆದುಕೊಟ್ಟರೆ ಆ ಬರಹ ಊರ್ಜಿತ. ಅವಧಿ ಮೀರಿದ ಸಾಲಕ್ಕೂ ಹಾಗೆ ಬರೆದುಕೊಡಬಹುದು ಅಂತ ಕರಾರು ಕಾಯ್ದೆಯೇ ಹೇಳುತ್ತದೆ. ಬರೆದುಕೊಡುವುದು ಬಿಡುವುದು ಕೆಂಚಯ್ಯನ ಇಷ್ಟ. ಮೇಷ್ಟ್ರು ಆ ವಿಷಯದಲ್ಲಿ ಒಂದು ಮಾತೂ ಆಡಬಾರದು. ಬರೆದುಕೊಡುತ್ತಾನೆ ಅಂತ ನೀವು ತೀರ್ಮಾನಿಸಿದರೆ, ಹೊಸ ನೋಟಿಗೆ ರೆವಿನ್ಯೂ ಸ್ಟಾಂಪು ಬೇಕು, ಅದನ್ನು ಮಾರುವುದು ಪೋಸ್ಟ್ ಆಫೀಸಿನಲ್ಲೇ. ಇಷ್ಟು ಚಿಕ್ಕ ಮೊತ್ತಕ್ಕೆ ಒಂದಾಣೆಯದು ಸಾಕು. 1957ರ ಏಪ್ರಿಲ್ ಒಂದರಿಂದ ನಯಾ ಪೈಸೆ ಬಂತು. ಕಥೆ ಡಿಸೆಂಬರ್‌ನಲ್ಲೇ ಮುಗಿದರೆ ಆಣೆ ಅಂತಲೇ ಬರೆಯಿರಿ. ಯುಗಾದಿ ದಾಟಿಸಿದರೆ ಆ ಮಾತು ಬದಲಾಗಬೇಕಾಗುತ್ತದೆ.